ಎರಡನೆಯ ಬೀಗ

ಬ್ಯಾಂಕಿನ ಖಾತೆಗೆ ಒಂದು ಗುಟ್ಟಿನ ಪದ ಇರುತ್ತದೆ. ಅದನ್ನು ಪಾಸ್‌ವರ್ಡ್ ಅನ್ನುತ್ತೇವೆ. ಇ-ಮೇಲ್‌ಗೂ ಹಾಗೇ ಒಂದು ಪಾಸ್‌ವರ್ಡ್ ಇರುತ್ತದೆ. ಅದು ಮೊದಲನೆಯ ಬೀಗ. ಆದರೆ ಪಾಸ್‌ವರ್ಡನ್ನು ಯಾರಾದರೂ ಕದ್ದು ನೋಡಬಹುದು. ಅದಕ್ಕೇ ಎರಡನೆಯ ಬೀಗ ಬಂತು. ಪಾಸ್‌ವರ್ಡ್ ಒತ್ತಿದ ಮೇಲೆ ಇನ್ನೊಂದು ಸಂಖ್ಯೆ ಕೇಳುತ್ತದೆ. ಆ ಸಂಖ್ಯೆ ಒಂದೇ ಸಲ ನಡೆಯುತ್ತದೆ. ಅದೇ ಓಟಿಪಿ.

ಈ ಸಂಖ್ಯೆ ನಮ್ಮ ಕೈಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಫೋನಿಗೆ ಬರುವ ಮೆಸೇಜು. ಇನ್ನೊಂದು, ಫೋನಿನಲ್ಲೇ ಇರುವ ಅಥೆಂಟಿಕೇಟರ್ ಎಂಬ ಆ್ಯಪು. ಇವೆರಡರಲ್ಲಿ ಯಾವುದು ಗಟ್ಟಿ? ಫೋನು ಕಳೆದರೆ ಏನಾಗುತ್ತದೆ? ಅದನ್ನು ಇಲ್ಲಿ ತಿಳಿಯೋಣ.

ಮೆಸೇಜು ಹೇಗೆ ಬರುತ್ತದೆ?

ಮೆಸೇಜು ಬರುವುದು ನಮ್ಮ ಫೋನ್ ನಂಬರಿಗೆ. ನಂಬರು ಇರುವುದು ಸಿಮ್ಮಿನಲ್ಲಿ. ಅಂದರೆ ಸಿಮ್ಮು ಯಾರ ಕೈಯಲ್ಲಿದೆಯೋ ಸಂಖ್ಯೆ ಅವರಿಗೇ ಸಿಗುತ್ತದೆ. ಇದು ಸುಲಭ. ಕಲಿಯುವುದು ಏನೂ ಇಲ್ಲ. ನಮ್ಮ ದೇಶದ ಬ್ಯಾಂಕುಗಳು ಹೆಚ್ಚಾಗಿ ಈ ದಾರಿಯನ್ನೇ ಬಳಸುತ್ತವೆ.

ಇದರಲ್ಲಿ ಒಂದು ತೊಂದರೆ ಇದೆ. ಕಳ್ಳನು ಸುಳ್ಳು ದಾಖಲೆ ತೋರಿಸಿ ನಮ್ಮ ನಂಬರಿಗೆ ಬೇರೆ ಸಿಮ್ಮು ತೆಗೆಯಬಹುದು. ಆಗ ನಮ್ಮ ಸಿಮ್ಮು ಸತ್ತುಹೋಗುತ್ತದೆ. ಮೆಸೇಜು ಅವನಿಗೆ ಹೋಗುತ್ತದೆ. ಇದನ್ನು ತಡೆಯಲೆಂದೇ ಹೊಸ ಸಿಮ್ಮಿಗೆ ಮೊದಲ 24 ಗಂಟೆ ಮೆಸೇಜು ಬರದಂತೆ ಮಾಡಿದ್ದಾರೆ. ಆ ಒಂದು ದಿನ ನಮಗೆ ಸಿಗುವ ಸಮಯ. ನಮ್ಮ ಫೋನಿಗೆ ಇದ್ದಕ್ಕಿದ್ದಂತೆ ಸಿಗ್ನಲ್ ಹೋಯಿತು, ಅದೇ ಕಂಪನಿಯ ಸಿಮ್ಮಿರುವ ಪಕ್ಕದ ಮನೆಯವರಿಗೆ ಸಿಗ್ನಲ್ ಇದೆ. ಆಗ ಸುಮ್ಮನೆ ಕೂರಬಾರದು. ಅವರ ಫೋನಿಂದಲೇ ಸಿಮ್ ಕಂಪನಿಗೂ ಬ್ಯಾಂಕಿಗೂ ಫೋನು ಮಾಡಬೇಕು.

ಆ್ಯಪು ಹೇಗೆ ಕೆಲಸ ಮಾಡುತ್ತದೆ?

ಇಬ್ಬರು ಅಕ್ಕತಂಗಿಯರು ಬೇರೆ ಬೇರೆ ಊರಿನಲ್ಲಿದ್ದಾರೆ. ಇಬ್ಬರ ಗೋಡೆಯ ಮೇಲೂ ಒಂದೇ ಕ್ಯಾಲೆಂಡರು. ಇವತ್ತು ಯಾವ ತಿಥಿ ಅಂತ ಒಬ್ಬರು ಇನ್ನೊಬ್ಬರಿಗೆ ಕಾಗದ ಬರೆಯಬೇಕಿಲ್ಲ. ಇಬ್ಬರೂ ನೋಡಿದರೆ ಒಂದೇ ತಿಥಿ ಕಾಣುತ್ತದೆ.

ಆ್ಯಪೂ ಹಾಗೇ. ಮೊದಲ ದಿನ ಇ-ಮೇಲ್ ಕಂಪನಿ ಒಂದು ಚೌಕದ ಚಿತ್ರ ತೋರಿಸುತ್ತದೆ. ಅದೇ ಕ್ಯೂಆರ್ ಕೋಡು. ಅದರೊಳಗೆ ಒಂದು ಗುಟ್ಟು ಅಡಗಿರುತ್ತದೆ. ನಮ್ಮ ಆ್ಯಪು ಆ ಗುಟ್ಟನ್ನು ಇಟ್ಟುಕೊಳ್ಳುತ್ತದೆ. ಕಂಪನಿಯೂ ಇಟ್ಟುಕೊಳ್ಳುತ್ತದೆ. ಆಮೇಲೆ ಇಬ್ಬರೂ ಗಡಿಯಾರ ನೋಡಿ, ಗುಟ್ಟು ಸೇರಿಸಿ ಲೆಕ್ಕ ಮಾಡುತ್ತಾರೆ. 6 ಅಂಕಿಯ ಒಂದೇ ಸಂಖ್ಯೆ ಬರುತ್ತದೆ. 30 ಸೆಕೆಂಡಿಗೆ ಅದು ಬದಲಾಗುತ್ತದೆ.

ಸಂಖ್ಯೆ ಹೊರಗಿನಿಂದ ಬರುವುದಿಲ್ಲ. ಅದಕ್ಕೇ ಸಿಗ್ನಲ್ ಬೇಡ, ಕರೆನ್ಸಿ ಬೇಡ. ನಮ್ಮ ನಂಬರಿಗೆ ಕಳ್ಳ ಬೇರೆ ಸಿಮ್ಮು ತೆಗೆದರೂ ಈ ಸಂಖ್ಯೆ ಅವನಿಗೆ ಸಿಗದು. ಆದ್ದರಿಂದ ಇ-ಮೇಲ್‌ಗೆ ಆ್ಯಪು ಮೆಸೇಜಿಗಿಂತ ಗಟ್ಟಿ. ಆದರೆ ಗಡಿಯಾರ ಸರಿ ಇರಬೇಕು. ಫೋನಿನ ಸಮಯ ಹಿಂದೆಮುಂದೆ ಆದರೆ ಸಂಖ್ಯೆ ತಪ್ಪು ಅನ್ನುತ್ತದೆ. ಫೋನಿನಲ್ಲಿ ಸಮಯವನ್ನು ತಾನಾಗಿಯೇ ಸರಿಯಾಗುವಂತೆ ಇಡಿ.

ಒಂದು ಮಾತು ಎರಡಕ್ಕೂ ಸೇರಿದ್ದು. ಮೆಸೇಜಿನ ಸಂಖ್ಯೆಯಾಗಲಿ, ಆ್ಯಪಿನ ಸಂಖ್ಯೆಯಾಗಲಿ, ನಾವೇ ಬಾಯಿಬಿಟ್ಟು ಹೇಳಿದರೆ ಬೀಗ ತೆರೆದ ಹಾಗೇ. ಬ್ಯಾಂಕಿನವರು ಫೋನು ಮಾಡಿ ಓಟಿಪಿ ಕೇಳುವುದಿಲ್ಲ. ಕೇಳಿದವನು ಕಳ್ಳ.

ಫೋನು ಕಳೆದರೆ?

ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಒಬ್ಬ ಅಕ್ಕ ಇದ್ದಾರೆ ಅಂದುಕೊಳ್ಳೋಣ. ಬ್ಯಾಂಕಿಗೆ ಅವರು ಮೆಸೇಜು ಇಟ್ಟಿದ್ದಾರೆ. ಇ-ಮೇಲ್‌ಗೆ ಆ್ಯಪು ಇಟ್ಟಿದ್ದಾರೆ. ಸೋಮವಾರ ಸಂತೆಯಲ್ಲಿ ಫೋನು ಕಳೆಯಿತು.

ಅಕ್ಕ ಅಲ್ಲೇ ಪರಿಚಯದ ಅಂಗಡಿಯವರ ಫೋನು ಕೇಳಿ ಪಡೆದರು. ಬ್ಯಾಂಕಿಗೆ ಫೋನು ಮಾಡಿ ಖಾತೆ ತಡೆ ಹಿಡಿಸಿದರು. ಸಿಮ್ ಕಂಪನಿಗೆ ಹೇಳಿ ಸಿಮ್ಮು ನಿಲ್ಲಿಸಿದರು. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟರು. ಮಂಗಳವಾರ ಆಧಾರ್ ಕಾರ್ಡು ತೋರಿಸಿ ಅದೇ ನಂಬರಿನ ಹೊಸ ಸಿಮ್ಮು ತಂದರು. ಸಿಮ್ಮು ಅಕ್ಕನ ಹೆಸರಲ್ಲೇ ಇತ್ತು. ಅದಕ್ಕೇ ಕೂಡಲೆ ಸಿಕ್ಕಿತು. ಗಂಡನ ಹೆಸರಲ್ಲೋ ಮಗನ ಹೆಸರಲ್ಲೋ ಇದ್ದಿದ್ದರೆ ಅವರೇ ಬರಬೇಕಿತ್ತು. ಮಂಗಳವಾರ ಮೆಸೇಜು ಬರಲಿಲ್ಲ. 24 ಗಂಟೆ ಕಳೆದು ಬುಧವಾರ ಬಂತು. ಬ್ಯಾಂಕಿನ ಕೆಲಸ ಸರಿಹೋಯಿತು.

ಇ-ಮೇಲ್ ಮಾತ್ರ ತೆರೆಯಲಿಲ್ಲ. ಪಾಸ್‌ವರ್ಡ್ ಒತ್ತಿದ ಮೇಲೆ ಆ್ಯಪಿನ ಸಂಖ್ಯೆ ಕೇಳಿತು. ಹೊಸ ಫೋನಿನಲ್ಲಿ ಆ್ಯಪು ಹಾಕಿದರೆ ಒಳಗೆ ಖಾಲಿ! ಗುಟ್ಟು ಇದ್ದದ್ದು ಹಳೆಯ ಫೋನಿನಲ್ಲಿ. ಸಿಮ್ಮಿನ ಜೊತೆ ಅದು ಬರುವುದಿಲ್ಲ. ಎಷ್ಟೋ ಜನ ಹೊರಗೆ ಉಳಿಯುವುದು ಇಲ್ಲೇ.

ಆ್ಯಪಿನ ಗುಟ್ಟನ್ನು ಗೂಗಲ್ ಖಾತೆಯಲ್ಲಿ ಉಳಿಸಿಡಬಹುದು. 2023ರಿಂದ ಗೂಗಲ್ ಅಥೆಂಟಿಕೇಟರ್‌ನಲ್ಲಿ ಆ ಸೌಕರ್ಯ ಬಂದಿದೆ. ಆದರೆ ತೆರೆಯಬೇಕಾದ್ದೇ ಆ ಗೂಗಲ್ ಖಾತೆಯಾದರೆ? ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗಾಯಿತು.

ಅಕ್ಕನ ಹತ್ತಿರ ಒಂದು ಚೀಟಿ ಇತ್ತು. ಆ್ಯಪು ಹಾಕಿದ ದಿನವೇ ಬರೆದಿಟ್ಟದ್ದು. ಅದರಲ್ಲಿ 10 ಸಂಖ್ಯೆ. ಒಂದೊಂದರಲ್ಲೂ 8 ಅಂಕಿ. ಅಕ್ಕ Try another way ಒತ್ತಿದರು. 8 ಅಂಕಿಯ ಬ್ಯಾಕಪ್ ಕೋಡು ಕೇಳುವ ಸಾಲನ್ನು ಆರಿಸಿದರು. ಚೀಟಿಯ ಒಂದು ಸಂಖ್ಯೆ ಹಾಕಿದರು. ಇ-ಮೇಲ್ ತೆರೆಯಿತು. ಆ ಸಂಖ್ಯೆ ಮತ್ತೆ ನಡೆಯುವುದಿಲ್ಲ. ಅದಕ್ಕೇ ಅದನ್ನು ಗೀಟು ಹಾಕಿ ಹೊಡೆದರು. ಆಮೇಲೆ ಹೊಸ ಫೋನಿನ ಆ್ಯಪಿಗೆ ಹೊಸ ಗುಟ್ಟು ಹಾಕಿದರು. ಹಳೆಯ ಫೋನಿನ ಗುಟ್ಟು ಕೆಲಸಕ್ಕೆ ಬಾರದಾಯಿತು.

ಚೀಟಿ ಮಾಡುವುದು ಹೇಗೆ?

ಜಿಮೇಲ್ ಇದ್ದರೆ ಹೀಗೆ ಮಾಡಿ. ಗೂಗಲ್ ಖಾತೆಯಲ್ಲಿ Security ಅಂತ ಶುರುವಾಗುವ ಭಾಗಕ್ಕೆ ಹೋಗಿ. ಅಲ್ಲಿ 2-Step Verification ಒತ್ತಿ. ಕೆಳಗೆ Backup codes ಅಂತ ಇರುತ್ತದೆ. ಅದನ್ನು ಒತ್ತಿದರೆ 10 ಸಂಖ್ಯೆ ಸಿಗುತ್ತವೆ. ನಿಮ್ಮ ಕೈಯಿಂದಲೇ ಕಾಗದದ ಮೇಲೆ ಬರೆಯಿರಿ. ಒಂದೊಂದು ಅಂಕಿಯನ್ನೂ ಎರಡು ಸಲ ನೋಡಿ. ಫೋಟೋ ತೆಗೆದು ಫೋನಿನಲ್ಲೇ ಇಟ್ಟರೆ ಪ್ರಯೋಜನವಿಲ್ಲ. ಫೋನು ಹೋದರೆ ಫೋಟೋವೂ ಹೋಗುತ್ತದೆ. ಪಾಸ್‌ಬುಕ್ಕು, ಜಮೀನಿನ ಪತ್ರ ಇಡುವ ಕಡೆ ಚೀಟಿ ಇಡಿ. ಅದರ ಮೇಲೆ ಪಾಸ್‌ವರ್ಡ್ ಬರೆಯಬೇಡಿ. ಮುಂದೆ ಹೊಸ 10 ಸಂಖ್ಯೆ ತೆಗೆದರೆ ಹಳೆಯ ಚೀಟಿ ನಡೆಯುವುದಿಲ್ಲ. ಅದನ್ನು ಹರಿದುಹಾಕಿ.

ಹಳೆ ಫೋನು ಮಾರುವಾಗ ಇನ್ನೊಂದು ಎಚ್ಚರ ಬೇಕು. ಗೂಗಲ್ ಅಥೆಂಟಿಕೇಟರ್‌ನಲ್ಲಿ Transfer accounts ಒತ್ತಿ ಗುಟ್ಟನ್ನು ಹೊಸ ಫೋನಿಗೆ ದಾಟಿಸಿ. ಹೊಸ ಫೋನಿನ ಸಂಖ್ಯೆಯಿಂದ ಒಮ್ಮೆ ಇ-ಮೇಲ್ ತೆರೆದು ನೋಡಿ. ತೆರೆದ ಮೇಲೆ ಮಾತ್ರ ಹಳೆ ಫೋನನ್ನು ಅಳಿಸಿ.

ನಂಬರು ಬದಲಾಯಿಸುವವರೂ ಹಾಗೇ ಮಾಡಬೇಕು. ಹಳೆ ಸಿಮ್ಮು ಜೀವ ಇರುವಾಗಲೇ ಬ್ಯಾಂಕಿಗೆ ಹೋಗಿ ಹೊಸ ನಂಬರು ಕೊಡಿ. 90 ದಿನ ಬಳಸದೆ ಬಿಟ್ಟ ನಂಬರನ್ನು ಕಂಪನಿ ಕಡಿದುಹಾಕಬಹುದು. ಮುಂದೆ ಅದನ್ನು ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಬ್ಯಾಂಕಿನ ಮೆಸೇಜು ಅವರ ಮನೆಗೆ ಹೋಗುತ್ತದೆ.

ಹಣ ಹೋಗಿದ್ದು ಕಂಡರೆ ಕೂಡಲೆ ಬ್ಯಾಂಕಿಗೂ 1930 ನಂಬರಿಗೂ ಫೋನು ಮಾಡಿ. ತಡವಾದಷ್ಟೂ ಹಣ ದೂರ ಹೋಗುತ್ತದೆ.

ಓದಿದಿರಲ್ಲ, ಈಗ ಹೇಳಿ

1. ನಿಮ್ಮ ಸಿಮ್ಮು ಯಾರ ಹೆಸರಿನಲ್ಲಿದೆ?
2. ಹೊಸ ಸಿಮ್ಮಿಗೆ ಎಷ್ಟು ಗಂಟೆ ಮೆಸೇಜು ಬರುವುದಿಲ್ಲ?
3. ಹೊಸ ಫೋನಿನ ಆ್ಯಪು ಖಾಲಿ ಇದ್ದದ್ದು ಏಕೆ?
4. ನಿಮ್ಮ ಚೀಟಿಯನ್ನು ಎಲ್ಲಿ ಇಡುತ್ತೀರಿ?