ನಿಮಗಿದು ಗೊತ್ತೆ?: ಸ್ಕೋರ್‌ಕಾರ್ಡಿನ ಆ ಚುಕ್ಕಿ ದಶಮಾಂಶವಲ್ಲ!

ಪೀಣ್ಯ ದಾಟಿದರೆ ಸಿಗುವ ಆಲೂರಿನ ಕೆಎಸ್‌ಸಿಎ ಮೈದಾನವಿರಲಿ, ಚಿನ್ನಸ್ವಾಮಿ ಕ್ರೀಡಾಂಗಣವಿರಲಿ, ಬೌಲರ್ ಹೆಸರಿನ ಮುಂದೆ O, M, R, W ಎಂಬ ನಾಲ್ಕು ಅಂಕಣಗಳಿರುತ್ತವೆ. ಇವು ಕ್ರಮವಾಗಿ ಓವರ್, ಮೇಡನ್, ಕೊಟ್ಟ ರನ್ ಮತ್ತು ಪಡೆದ ವಿಕೆಟ್.

ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತ ಸಾಲು ಹೀಗಿದೆ: 26.3–9–74–10.

ಇಲ್ಲಿ 26.3 ಎಂದರೆ 26 ಓವರ್ ಮತ್ತು 3 ಎಸೆತ. ಓವರಿಗೆ ಆರೇ ಎಸೆತವಾದ್ದರಿಂದ ಚುಕ್ಕಿಯ ಬಲಗಡೆ 5ರ ಮೇಲಿನ ಅಂಕಿ ಬರುವುದಿಲ್ಲ, 26.5 ಆದ ಮೇಲೆ ನೇರವಾಗಿ 27.

ಓವರಿಗೆ ಸರಾಸರಿ ಎಷ್ಟು ರನ್ ಕೊಟ್ಟರೆಂದು ನೋಡಲು 74ನ್ನು 26.3ರಿಂದ ಭಾಗಿಸಿದರೆ 2.81 ಎಂಬ ತಪ್ಪು ಉತ್ತರ ಬರುತ್ತದೆ. ಮೊದಲು ಎಸೆತಗಳನ್ನು ಎಣಿಸಬೇಕು: 26×6+3=159. 74ನ್ನು 159ರಿಂದ ಭಾಗಿಸಿ ಆರರಿಂದ ಗುಣಿಸಿದರೆ ಸಿಗುವ 2.79 ಸರಿಯಾದ ಲೆಕ್ಕ.

ಬೌಲರ್‌ಗಳ R ಅಂಕಣವನ್ನು ಕೂಡಿದಾಗ ತಂಡದ ಮೊತ್ತಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ. ಬೈ ಮತ್ತು ಲೆಗ್‌ಬೈ ರನ್‌ಗಳು ಬೌಲರ್ ಖಾತೆಗೆ ಸೇರುವುದಿಲ್ಲ. ವೈಡ್, ನೋಬಾಲ್ ಮಾತ್ರ ಸೇರುತ್ತವೆ.