ಕಿಟಕಿ ತೆರೆಯದೆ ಓಡುವ ಬ್ರೌಸರ್

ಬ್ರೌಸರ್ ತನ್ನ ಕೆಲಸವನ್ನೆಲ್ಲ ಮಾಡಿ, ಪರದೆಯ ಮೇಲೆ ಕಿಟಕಿಯನ್ನು ಮಾತ್ರ ತೋರಿಸದೆ ಇರುವ ವಿಧಾನಕ್ಕೆ ಹೆಡ್‌ಲೆಸ್ ಮೋಡ್ ಎಂದು ಹೆಸರು. ಪುಟ ಡೌನ್‌ಲೋಡ್ ಆಗುತ್ತದೆ, ಜಾವಾಸ್ಕ್ರಿಪ್ಟ್ ಓಡುತ್ತದೆ, ಅಕ್ಷರ ಮತ್ತು ಚಿತ್ರಗಳು ಎಲ್ಲಿ ಕೂರಬೇಕು ಎಂಬ ಲೆಕ್ಕವೂ ನಡೆಯುತ್ತದೆ. ಫಲಿತಾಂಶ ಮಾತ್ರ ಮಾನಿಟರಿಗೆ ಹೋಗದೆ ಒಂದು ಚಿತ್ರವಾಗಿ, ಪಿಡಿಎಫ್ ಆಗಿ ಅಥವಾ ಪಠ್ಯವಾಗಿ ಕಡತಕ್ಕೆ ಸೇರುತ್ತದೆ. ಮಾನಿಟರೇ ಇಲ್ಲದ ಸರ್ವರ್‌ಗಳಲ್ಲಿ ವೆಬ್‌ಸೈಟನ್ನು ಪರೀಕ್ಷಿಸಲು, ಬಿಲ್ ಮತ್ತು ಪ್ರಮಾಣಪತ್ರಗಳನ್ನು ಪಿಡಿಎಫ್ ಮಾಡಲು, ಪುಟಗಳ ಚಿತ್ರ ತೆಗೆದಿಡಲು ಇದನ್ನು ಬಳಸುತ್ತಾರೆ. ಲಿನಕ್ಸ್ ಯಂತ್ರದಲ್ಲಿ ಕ್ರೋಮ್ ಇದ್ದರೆ ಒಂದೇ ಸಾಲಿನ ಆಜ್ಞೆ ಸಾಕು:

```
google-chrome --headless --screenshot=puta.png https://example.com
```

ಕ್ರೋಮ್‌ಗೆ ಈ ಸೌಲಭ್ಯ ಬಂದದ್ದು 2017ರಲ್ಲಿ, 59ನೇ ಆವೃತ್ತಿಯೊಂದಿಗೆ. ಅದಕ್ಕೂ ಮೊದಲು ಫ್ಯಾಂಟಮ್‌ಜೆಎಸ್ ಎಂಬ ತಂತ್ರಾಂಶ ಇದೇ ಕೆಲಸಕ್ಕೆ ಹೆಸರಾಗಿತ್ತು. ಕ್ರೋಮ್ ಹೆಡ್‌ಲೆಸ್ ಬರಲಿದೆ ಎಂಬ ಸುದ್ದಿ ಹೊರಬಿದ್ದೊಡನೆ ಅದರ ನಿರ್ವಾಹಕ ವಿಟಾಲಿ ಸ್ಲೊಬೋಡಿನ್ ಆ ಹೊಣೆಯಿಂದ ಹಿಂದೆ ಸರಿದರು. ಆದರೆ ಅಂದು ಬಂದ ಹೆಡ್‌ಲೆಸ್ ಕ್ರೋಮ್, ಜನ ದಿನವೂ ಬಳಸುವ ಕ್ರೋಮ್ ಆಗಿರಲಿಲ್ಲ. ಪುಟವನ್ನು ರೂಪಿಸುವ ಎಂಜಿನ್ ಎರಡಕ್ಕೂ ಒಂದೇ ಆಗಿದ್ದರೂ ಅದರ ಮೇಲಿನ ಬ್ರೌಸರ್ ಭಾಗವನ್ನು ಬೇರೆಯಾಗಿಯೇ ಬರೆಯಲಾಗಿತ್ತು. ಹಾಗಾಗಿ ಎಕ್ಸ್‌ಟೆನ್ಶನ್‌ಗಳಂಥ ಹಲವು ಸಂಗತಿಗಳಲ್ಲಿ ಇವೆರಡರ ನಡತೆ ಬೇರೆಯಾಗುತ್ತಿತ್ತು. 2023ರಲ್ಲಿ, 112ನೇ ಆವೃತ್ತಿಯಲ್ಲಿ, ಹೊಸ ಹೆಡ್‌ಲೆಸ್ ಮೋಡ್ ಬಂತು. ಇದು ನಿಜವಾದ ಕ್ರೋಮೇ. ಕಿಟಕಿಯನ್ನು ಸೃಷ್ಟಿಸುತ್ತದೆ, ಆದರೆ ಪ್ರದರ್ಶಿಸುವುದಿಲ್ಲ. ಹಳೆಯದು `chrome-headless-shell` ಎಂಬ ಪ್ರತ್ಯೇಕ ತಂತ್ರಾಂಶವಾಗಿ ಉಳಿದಿದೆ. ಹಳೆಯ ಲೇಖನಗಳಲ್ಲಿ ಕಾಣುವ ಎಷ್ಟೋ ದೂರುಗಳು ಆ ಹಳೆಯ ಮೋಡ್‌ಗೆ ಸೇರಿದವು. ಹೊಸಬರು ಅವನ್ನು ಓದುವಾಗ ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಇಷ್ಟಾದರೂ ಒಂದು ದೂರು ಮಾತ್ರ ನಿಂತಿಲ್ಲ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕಾಣುವ ಪುಟ ಸರ್ವರ್ ಮೇಲಿನ ಹೆಡ್‌ಲೆಸ್ ಬ್ರೌಸರಿನಲ್ಲಿ ಬೇರೆಯೇ ರೀತಿ ಬರುತ್ತದೆ. ಸೈಟು ಯಂತ್ರವನ್ನು ಪತ್ತೆಮಾಡಿ ತಡೆಯುತ್ತಿದೆ ಎಂದು ಬಹಳ ಜನ ಕೂಡಲೇ ತೀರ್ಮಾನಿಸುತ್ತಾರೆ. ಹಾಗೂ ಆಗುತ್ತದೆ, ಆದರೆ ಅದನ್ನು ಕೊನೆಗೆ ಅನುಮಾನಿಸಬೇಕು. ಹೆಚ್ಚಿನ ಸಲ ವ್ಯತ್ಯಾಸ ಹುಟ್ಟುವುದು ಬ್ರೌಸರ್ ಓಡುತ್ತಿರುವ ಪರಿಸರದಿಂದ.

ಒಂದು ಉದಾಹರಣೆಯನ್ನು ಬಿಡಿಸಿ ನೋಡಬಹುದು. ಒಂದು ಸಂಸ್ಥೆಯ ಕನ್ನಡ ಜಾಲತಾಣದಲ್ಲಿ ಕಾರ್ಯಕ್ರಮಗಳ ಪಟ್ಟಿಯ ಪುಟವಿದೆ ಎಂದುಕೊಳ್ಳೋಣ. ಮೇಲ್ಗಡೆ ಮೆನು, ಅದರಲ್ಲಿ ‘ಲಾಗಿನ್’ ಕೊಂಡಿ. ಕೆಳಗೆ ಒಂದೊಂದು ಕಾರ್ಯಕ್ರಮದ ಹೆಸರು ಮತ್ತು ಸಮಯ. ಸರ್ವರ್ ಮೇಲೆ ಪಪೆಟಿಯರ್ ಎಂಬ ಸಾಧನದಿಂದ ಹೆಡ್‌ಲೆಸ್ ಕ್ರೋಮನ್ನು ನಡೆಸಿ ಈ ಪುಟವನ್ನು ದಿನವೂ ಪರೀಕ್ಷಿಸಬೇಕು. ಮೊದಲ ದಿನವೇ ಮೂರು ತೊಂದರೆಗಳು ಬರುತ್ತವೆ: ಲಾಗಿನ್ ಕೊಂಡಿಯನ್ನು ಒತ್ತಲಾಗುವುದಿಲ್ಲ, ತೆಗೆದ ಚಿತ್ರದಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳಿವೆ, ಬೆಳಗಿನ 9 ಗಂಟೆಯ ಕಾರ್ಯಕ್ರಮ 3:30ಕ್ಕೆ ಎಂದು ಬಂದಿದೆ. ಸೈಟು ಯಾರನ್ನೂ ತಡೆದಿಲ್ಲ. ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ.

ಮೊದಲನೆಯದು ಕಿಟಕಿಯ ಅಳತೆ. ಕಿಟಕಿ ಕಾಣದಿದ್ದರೂ ಅದಕ್ಕೊಂದು ಅಗಲ, ಎತ್ತರ ಇರಲೇಬೇಕು. ಇಲ್ಲದಿದ್ದರೆ ಪುಟವನ್ನು ಜೋಡಿಸಲಾಗದು. ಬೇರೆ ಅಳತೆ ಹೇಳದಿದ್ದರೆ ಪಪೆಟಿಯರ್ 800 ಪಿಕ್ಸೆಲ್ ಅಗಲ, 600 ಪಿಕ್ಸೆಲ್ ಎತ್ತರದ ಪುಟವನ್ನು ತೆರೆಯುತ್ತದೆ. ಇಂದಿನ ಸೈಟುಗಳು ಅಗಲಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. ಉದಾಹರಣೆಗೆ, ಬೂಟ್‌ಸ್ಟ್ರ್ಯಾಪ್ ಚೌಕಟ್ಟಿನಲ್ಲಿ ಬಹಳವಾಗಿ ಬಳಸುವ ಒಂದು ಮೆನು 992 ಪಿಕ್ಸೆಲ್‌ಗಿಂತ ಕಡಿಮೆ ಅಗಲದಲ್ಲಿ ಮಡಚಿಕೊಂಡು ಮೂರು ಗೆರೆಗಳ ಗುಂಡಿಯಾಗುತ್ತದೆ. 800ರಲ್ಲಿ ಲಾಗಿನ್ ಕೊಂಡಿ ಆ ಗುಂಡಿಯ ಒಳಗೆ ಅಡಗಿರುತ್ತದೆ. ಪುಟದ ಎಚ್‌ಟಿಎಂಎಲ್‌ನಲ್ಲಿ ಅದು ಇದೆ, ಆದರೆ ಕಾಣುವುದಿಲ್ಲ, ಆದ್ದರಿಂದ ಒತ್ತಲು ಬರುವುದಿಲ್ಲ. 1366 ಪಿಕ್ಸೆಲ್ ಅಗಲವಿರುವ ಲ್ಯಾಪ್‌ಟಾಪಿನಲ್ಲಿ ನೋಡಿದವರಿಗೆ ಈ ಸ್ಥಿತಿ ಎದುರಾಗುವುದೇ ಇಲ್ಲ. ಅಳತೆಯನ್ನು ಸ್ಪಷ್ಟವಾಗಿ ಹೇಳಿಬಿಟ್ಟರೆ ಮುಗಿಯಿತು. ಆಜ್ಞೆಯ ಸಾಲಿನಲ್ಲಿ ಅದಕ್ಕೆ `--window-size=1366,768` ಎಂದು ಸೇರಿಸಬೇಕು. ಎತ್ತರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಎಷ್ಟೋ ಸೈಟುಗಳು ಓದುಗ ಕೆಳಗೆ ಸರಿದಾಗ ಮಾತ್ರ ಅಲ್ಲಿನ ಚಿತ್ರಗಳನ್ನು ತರಿಸುತ್ತವೆ. ಹೆಡ್‌ಲೆಸ್ ಬ್ರೌಸರಿನಲ್ಲಿ ಸ್ಕ್ರೋಲ್ ಮಾಡುವವರು ಯಾರೂ ಇಲ್ಲದ್ದರಿಂದ ಕೆಳಗಿನ ಚಿತ್ರಗಳ ಜಾಗ ಖಾಲಿ ಉಳಿಯುತ್ತದೆ. ಪುಟವನ್ನು ಹಂತ ಹಂತವಾಗಿ ಕೆಳಗೆ ಸರಿಸುವಂತೆ ಸ್ಕ್ರಿಪ್ಟ್‌ನಲ್ಲೇ ಬರೆಯಬೇಕು.

ಎರಡನೆಯದು ಫಾಂಟ್. ಅಕ್ಷರ ಮೂಡಿಸಲು ಬ್ರೌಸರ್ ಯಂತ್ರದಲ್ಲಿರುವ ಫಾಂಟುಗಳನ್ನೇ ನೆಚ್ಚುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಫೋನಿನಲ್ಲಿ ಕನ್ನಡ ಫಾಂಟು ಮೊದಲೇ ಇರುತ್ತದೆ. ಆದರೆ ಸರ್ವರ್‌ಗೆಂದು ಕನಿಷ್ಠ ಗಾತ್ರಕ್ಕೆ ಇಳಿಸಿದ ಲಿನಕ್ಸ್‌ನಲ್ಲಿ, ಅದರಲ್ಲೂ ಡಾಕರ್ ಪೆಟ್ಟಿಗೆಯಲ್ಲಿ, ಅದು ಸಾಮಾನ್ಯವಾಗಿ ಇರುವುದಿಲ್ಲ. ಸೈಟು ತನ್ನದೇ ಫಾಂಟನ್ನು ಕಳುಹಿಸದಿದ್ದರೆ ಕನ್ನಡದ ಪ್ರತಿ ಅಕ್ಷರಕ್ಕೂ ಚೌಕ ಬರುತ್ತದೆ. ಕನ್ನಡದಲ್ಲಿ ರಸೀದಿ, ಪ್ರಮಾಣಪತ್ರ ಕೊಡುವ ಸೇವೆಗಳಿಗೆ ಇದು ಸಣ್ಣ ಸಂಗತಿಯಲ್ಲ. ಪರೀಕ್ಷೆ ಇಂಗ್ಲಿಷ್ ಪುಟದಲ್ಲಿ ಮಾತ್ರ ನಡೆದಿದ್ದರೆ ತಪ್ಪು ಗೊತ್ತಾಗುವುದು ಚೌಕಗಳಿರುವ ಪಿಡಿಎಫ್ ಜನರ ಕೈ ಸೇರಿದ ಮೇಲೆ. ಯಂತ್ರದಲ್ಲಿ ಕನ್ನಡ ಫಾಂಟು ಇದೆಯೇ ಎಂದು ಹೀಗೆ ನೋಡಬಹುದು:

```
fc-list :lang=kn
```

ಉತ್ತರ ಖಾಲಿ ಬಂದರೆ ಕನ್ನಡ ಬಲ್ಲ ಫಾಂಟು ಒಂದೂ ಇಲ್ಲ ಎಂದರ್ಥ. ಡೆಬಿಯನ್ ಅಥವಾ ಉಬುಂಟು ಯಂತ್ರವಾದರೆ `fonts-lohit-knda` ಅಥವಾ ಗುಬ್ಬಿ ಫಾಂಟಿನ `fonts-gubbi` ಪ್ಯಾಕೇಜನ್ನು ಹಾಕಿಕೊಳ್ಳಬಹುದು. ಫಾಂಟು ಬದಲಾದರೆ ಅಕ್ಷರಗಳ ಅಗಲವೂ ಬದಲಾಗಿ, ಸಾಲು ಮುರಿಯುವ ಜಾಗ ಬೇರೆಯಾಗುತ್ತದೆ ಎಂಬುದು ನೆನಪಿರಲಿ. ಎರಡು ಯಂತ್ರಗಳ ಚಿತ್ರಗಳನ್ನು ಪಿಕ್ಸೆಲ್ ಲೆಕ್ಕದಲ್ಲಿ ಹೋಲಿಸುವ ಪರೀಕ್ಷೆಗಳು ಸುಳ್ಳು ದೋಷ ತೋರಿಸುವುದಕ್ಕೆ ಇದೊಂದು ದೊಡ್ಡ ಕಾರಣ.

ಮೂರನೆಯದು ಕಾಲವಲಯ. ಸರ್ವರ್‌ಗಳ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿಗೆ ಇಟ್ಟಿರುತ್ತಾರೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪುಟದ ಜಾವಾಸ್ಕ್ರಿಪ್ಟ್ ಯಂತ್ರದ ಕಾಲವಲಯವನ್ನು ಕೇಳಿ ಸಮಯ ಬರೆಯುವುದರಿಂದ 9:00 ಗಂಟೆ 3:30 ಆಯಿತು. ನಡುರಾತ್ರಿಯಿಂದ ಬೆಳಗಿನ ಐದೂವರೆಯೊಳಗಿನ ಕಾರ್ಯಕ್ರಮವಾದರೆ ತಾರೀಖೇ ಒಂದು ದಿನ ಹಿಂದೆ ಹೋಗುತ್ತದೆ. ಬ್ರೌಸರನ್ನು ಶುರುಮಾಡುವ ಮುನ್ನ `TZ=Asia/Kolkata` ಎಂದು ಹೊಂದಿಸಿದರೆ ಸಾಕು. ಭಾಷೆಯ ವಿಷಯವೂ ಹೀಗೆಯೇ. ಬ್ರೌಸರ್ ಪ್ರತಿ ಕೋರಿಕೆಯೊಂದಿಗೆ ತನಗೆ ಯಾವ ಭಾಷೆ ಬೇಕೆಂಬ ಸೂಚನೆ ಕಳುಹಿಸುತ್ತದೆ. ಅದರಲ್ಲಿ ಕನ್ನಡ ಇಲ್ಲದಿದ್ದರೆ ಎರಡು ಭಾಷೆಗಳ ಸೈಟು ಇಂಗ್ಲಿಷ್ ಪುಟವನ್ನೇ ಕೊಡಬಹುದು, ಆಗ ಸ್ಕ್ರಿಪ್ಟ್ ಕನ್ನಡ ಪದವನ್ನು ಹುಡುಕಿ ಸೋಲುತ್ತದೆ.

ಇವುಗಳ ಜೊತೆಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿರುವುದರಿಂದ ಮೂರು ಆಯಾಮದ ನಕ್ಷೆಗಳು ನಿಧಾನವಾಗುವುದು ಅಥವಾ ಮೂಡದಿರುವುದು, ಕ್ರೋಮ್ ಬದಲು ಕ್ರೋಮಿಯಂ ಬಳಸಿದಾಗ ಪರವಾನಗಿ ಬೇಕಾದ ಕೊಡೆಕ್ ಇಲ್ಲದೆ ಕೆಲವು ವಿಡಿಯೋಗಳು ಓಡದಿರುವುದು ಕೂಡ ಪರಿಸರದ ಪಟ್ಟಿಗೇ ಸೇರುತ್ತವೆ.

ಈ ಗೊಂದಲವನ್ನು ಬಿಡಿಸಲು ಒಂದು ಸರಳ ಕ್ರಮವಿದೆ. ಒಂದೇ ವಿಳಾಸವನ್ನು ಮೂರು ರೀತಿಯಲ್ಲಿ ತೆರೆಯಬೇಕು: ಲ್ಯಾಪ್‌ಟಾಪಿನಲ್ಲಿ ಕಿಟಕಿಯೊಂದಿಗೆ, ಅದೇ ಲ್ಯಾಪ್‌ಟಾಪಿನಲ್ಲಿ ಹೆಡ್‌ಲೆಸ್ ಆಗಿ, ಸರ್ವರ್ ಮೇಲೆ ಹೆಡ್‌ಲೆಸ್ ಆಗಿ. ಮೂರಕ್ಕೂ ಅಗಲ ಎತ್ತರ ಒಂದೇ ಇರಬೇಕು. ಮೊದಲೆರಡು ಒಂದೇ ಥರ ಬಂದು ಮೂರನೆಯದು ಮಾತ್ರ ಕೆಟ್ಟರೆ ಹೆಡ್‌ಲೆಸ್ ಮೋಡ್‌ನ ತಪ್ಪೇನಿಲ್ಲ. ಫಾಂಟು, ಕಾಲವಲಯ, ಭಾಷೆ ಅಥವಾ ನೆಟ್‌ವರ್ಕಿನಲ್ಲಿ ಹುಡುಕಬೇಕು. ಎರಡನೆಯದರಲ್ಲೇ ಕೆಟ್ಟರೆ ಆಗ ಮೋಡ್ ಮೇಲೆ ಅನುಮಾನ ಪಡಬಹುದು. ಪ್ರತಿ ಸಲವೂ ಮೊದಲು ಚಿತ್ರ ತೆಗೆದು ಕಣ್ಣಾರೆ ನೋಡಬೇಕು, ಆಮೇಲೆ ಸರ್ವರ್ ಕೊಟ್ಟ ಸ್ಥಿತಿ ಸಂಖ್ಯೆಯನ್ನು ನೋಡಬೇಕು. ಈ ಎರಡನ್ನು ಬಿಟ್ಟು ನೇರವಾಗಿ ಕೋಡ್ ತಿದ್ದಲು ಕೂತವರಿಗೆ ದಿನಗಳೇ ಹಾಳಾಗುತ್ತವೆ. 403 ಬಂದರೆ ಪ್ರವೇಶ ನಿರಾಕರಿಸಲಾಗಿದೆ, 429 ಬಂದರೆ ಕೋರಿಕೆಗಳು ಮಿತಿ ಮೀರಿವೆ. ಸಂಖ್ಯೆ 200 ಇದ್ದರೂ ಚಿತ್ರದಲ್ಲಿ ‘ನೀವು ಮನುಷ್ಯರೇ’ ಎಂದು ಕೇಳುವ ಪುಟ ಬಂದಿದ್ದರೆ ಸೈಟು ಬೇಕೆಂದೇ ಬೇರೆ ರೀತಿ ನಡೆದುಕೊಂಡಿದೆ.

ಸೈಟಿಗೆ ಅದು ಗೊತ್ತಾಗುವುದು ಹೇಗೆ? ಮೊದಲಿಗೆ ಬ್ರೌಸರೇ ಹೇಳಿಬಿಡುತ್ತದೆ. ಕಿಟಕಿ ಇರುವ ಕ್ರೋಮ್ ತನ್ನನ್ನು `Chrome` ಎಂದು ಪರಿಚಯಿಸಿಕೊಂಡರೆ ಹೆಡ್‌ಲೆಸ್ ಕ್ರೋಮ್ ಪ್ರತಿ ಕೋರಿಕೆಯಲ್ಲೂ `HeadlessChrome` ಎಂದು ಹೇಳಿಕೊಳ್ಳುತ್ತದೆ. ಇದಲ್ಲದೆ ಪುಟದೊಳಗಿನ ಜಾವಾಸ್ಕ್ರಿಪ್ಟ್ `navigator.webdriver` ಎಂದು ಕೇಳಿದಾಗ `true` ಎಂಬ ಉತ್ತರ ಬರುತ್ತದೆ. ಇದು ಸೋರಿಹೋದ ಗುಟ್ಟಲ್ಲ. ಬ್ರೌಸರನ್ನು ಸ್ವಯಂಚಾಲಿತವಾಗಿ ನಡೆಸುವ ಕ್ರಮವನ್ನು ವಿವರಿಸುವ ಡಬ್ಲ್ಯೂ3ಸಿಯ ಮಾನದಂಡದಲ್ಲೇ, ಸೈಟಿಗೆ ತಿಳಿಯಲೆಂದು ಈ ಗುರುತನ್ನು ಇಡಲಾಗಿದೆ. ಇದರ ಮೇಲೆ ಕೋರಿಕೆ ಬಂದ ವಿಳಾಸ ಡೇಟಾ ಸೆಂಟರಿನದೇ, ಎರಡು ಕ್ಲಿಕ್‌ಗಳ ನಡುವೆ ಎಷ್ಟು ಹೊತ್ತು ಸರಿಯಿತು, ಪುಟ ತೆರೆಯುವ ವೇಗ ಮನುಷ್ಯರದ್ದೇ ಎಂಬ ಸಂಗತಿಗಳನ್ನೂ ಕೂಡಿಸಿ ತಡೆ ವ್ಯವಸ್ಥೆಗಳು ತೀರ್ಮಾನಿಸುತ್ತವೆ. ಟಿಕೆಟ್‌ಗಳನ್ನು ಸಾಲಾಗಿ ಬಾಚಿಕೊಳ್ಳುವವರು, ಕದ್ದ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪ್ರಯೋಗಿಸುವವರು ಬಳಸುವುದೂ ಇದೇ ಸಾಧನಗಳನ್ನಾದ್ದರಿಂದ ಸೈಟುಗಳ ಎಚ್ಚರಿಕೆಗೆ ಕಾರಣವಿದೆ.

ಪರಿಚಯದ ಸಾಲನ್ನು ತಿದ್ದಿ ವಿಂಡೋಸ್ ಕ್ರೋಮ್‌ನಂತೆ ನಟಿಸಿದರೆ ಸಾಕು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಒಳ್ಳೆಯ ಸಲಹೆಯಲ್ಲ. ಮೇಲಿನ ಸಾಲು ವಿಂಡೋಸ್ ಎಂದು, ಒಳಗಿನ `navigator.platform` ಲಿನಕ್ಸ್ ಎಂದು ಹೇಳಿದಾಗ ಆ ವಿರೋಧವೇ ಅನುಮಾನಕ್ಕೆ ದಾರಿಯಾಗುತ್ತದೆ. ಮೊದಲು ಯಂತ್ರ ಎಂದಷ್ಟೇ ಗುರುತಾಗುತ್ತಿದ್ದುದು ಈಗ ವೇಷ ಹಾಕಿದ ಯಂತ್ರ ಎಂದು ಗುರುತಾಗುತ್ತದೆ.

ತಡೆ ಇರುವುದು ಸ್ವಂತ ಸೈಟಿನಲ್ಲಾದರೆ ಪರಿಹಾರ ಕೈಯಲ್ಲೇ ಇದೆ. ಗೂಗಲ್‌ನ ರೀಕ್ಯಾಪ್ಚಾ, ಕ್ಲೌಡ್‌ಫ್ಲೇರ್‌ನ ಟರ್ನ್‌ಸ್ಟೈಲ್ ಎರಡೂ ಪರೀಕ್ಷೆಗೆಂದೇ ವಿಶೇಷ ಕೀಲಿಗಳನ್ನು ಪ್ರಕಟಿಸಿವೆ. ಪರೀಕ್ಷೆಯ ಸರ್ವರ್‌ನಲ್ಲಿ ಅವನ್ನು ಹಾಕಿದರೆ ಪ್ರಶ್ನೆಯೇ ಬರುವುದಿಲ್ಲ. ಅವನ್ನು ಜನ ಬಳಸುವ ಸೈಟಿಗೆ ಹಾಕಬಾರದು, ಹಾಕಿದರೆ ಕಾವಲೇ ಇಲ್ಲದಂತಾಗುತ್ತದೆ. ಬೇರೆಯವರ ಸೈಟಾದರೆ ಮೊದಲು ಅದರ `robots.txt` ಮತ್ತು ಬಳಕೆಯ ನಿಯಮಗಳನ್ನು ಓದಬೇಕು. ಅದೇ ಮಾಹಿತಿಯನ್ನು ಎಪಿಐ ಮೂಲಕ ಕೊಡುತ್ತಾರೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಒಪ್ಪಿಗೆ ಕೇಳಬೇಕು. 429 ಬಂದು, ಅದರ ಜೊತೆಗೆ `Retry-After` ಎಂಬ ಸೂಚನೆಯೂ ಇದ್ದರೆ, ಅದು ಹೇಳಿದಷ್ಟು ಹೊತ್ತು ಕಾದು ಮತ್ತೆ ಕೇಳಬೇಕು.