ನಿಮಗಿದು ಗೊತ್ತೇ? ಯಾವ ವಿಷಯ ಮೊದಲು, ಯಾವುದು ಆಮೇಲೆ

ಕಂಪ್ಯೂಟರ್ ಸೈನ್ಸ್‌ನ ಐದು ವಿಷಯಗಳನ್ನು ತೆಗೆದುಕೊಳ್ಳೋಣ. ಸಿ ಭಾಷೆ ಮುಗಿಸದೆ ಡೇಟಾ ಸ್ಟ್ರಕ್ಚರ್ಸ್‌ಗೆ ಕೂರುವಂತಿಲ್ಲ. ಡೇಟಾ ಸ್ಟ್ರಕ್ಚರ್ಸ್ ಮತ್ತು ಡಿಸ್ಕ್ರೀಟ್ ಗಣಿತ ಎರಡೂ ಆಗಿದ್ದರೆ ಮಾತ್ರ ಅಲ್ಗಾರಿದಮ್ಸ್. ಆಪರೇಟಿಂಗ್ ಸಿಸ್ಟಮ್ಸ್‌ಗೆ ಡೇಟಾ ಸ್ಟ್ರಕ್ಚರ್ಸ್ ಒಂದೇ ಸಾಕು. ಮೊದಲು ಓದಬೇಕಾದ್ದರಿಂದ ಆಮೇಲೆ ಓದಬೇಕಾದ್ದಕ್ಕೆ ಬಾಣ ಎಳೆಯುತ್ತ ಹೋದರೆ ಒಟ್ಟು ನಾಲ್ಕು ಬಾಣ. ಒಂದು ಬಾಣವೂ ಹಿಂದಕ್ಕೆ ತಿರುಗದಂತೆ ಐದನ್ನೂ ಸಾಲಾಗಿ ನಿಲ್ಲಿಸುವುದಕ್ಕೆ ಟೋಪೊಲಾಜಿಕಲ್ ಸಾರ್ಟ್ ಎನ್ನುತ್ತಾರೆ.

ಬರೀ ಎಣಿಕೆಯಿಂದಲೇ ಈ ಸಾಲು ಸಿಗುತ್ತದೆ, ಗೊತ್ತೇ? ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ವಿಧಾನ ಇದು. ಪ್ರತಿ ವಿಷಯಕ್ಕೂ ಎಷ್ಟು ಬಾಣ ಬಂದು ತಾಗುತ್ತವೆ ಎಂದು ಮೊದಲು ಬರೆದುಕೊಳ್ಳಿ. ಈ ಎಣಿಕೆಯೇ ಇನ್-ಡಿಗ್ರಿ. ನಮ್ಮಲ್ಲಿ ಸಿ ಮತ್ತು ಡಿಸ್ಕ್ರೀಟ್ ಗಣಿತಕ್ಕೆ 0, ಡೇಟಾ ಸ್ಟ್ರಕ್ಚರ್ಸ್‌ಗೆ 1, ಆಪರೇಟಿಂಗ್ ಸಿಸ್ಟಮ್ಸ್‌ಗೆ 1, ಅಲ್ಗಾರಿದಮ್ಸ್‌ಗೆ 2. ಸೊನ್ನೆ ಇದ್ದವು ಕ್ಯೂ ಸೇರುತ್ತವೆ. ಸಿ ಹೊರಗೆ ಬಂದಾಗ ಡೇಟಾ ಸ್ಟ್ರಕ್ಚರ್ಸ್‌ನ ಎಣಿಕೆ ಸೊನ್ನೆಗಿಳಿದು ಅದೂ ಕ್ಯೂಗೆ ಬರುತ್ತದೆ. ಡಿಸ್ಕ್ರೀಟ್ ಗಣಿತ ಹೊರಟಾಗ ಅಲ್ಗಾರಿದಮ್ಸ್ 1ಕ್ಕೆ ಇಳಿಯುತ್ತದೆ, ಆದರೆ ಇನ್ನೂ ಕಾಯಬೇಕು. ಡೇಟಾ ಸ್ಟ್ರಕ್ಚರ್ಸ್ ಹೊರಟ ಮೇಲೆ ಉಳಿದೆರಡಕ್ಕೂ ಒಟ್ಟಿಗೆ ದಾರಿ ತೆರೆಯುತ್ತದೆ.

ಕನಿಷ್ಠ ಎಷ್ಟು ಸೆಮಿಸ್ಟರ್ ಬೇಕೆಂಬುದೂ ಇದರಲ್ಲೇ ಸಿಗುತ್ತದೆ. ಒಂದು ಸಲಕ್ಕೆ ಸೊನ್ನೆ ಇರುವವನ್ನೆಲ್ಲ ಒಟ್ಟಿಗೆ ತೆಗೆಯಿರಿ: ಮೊದಲು ಎರಡು, ಆಮೇಲೆ ಒಂದು, ಕೊನೆಗೆ ಎರಡು. ಅಲ್ಲಿಗೆ ಮೂರು ಸೆಮಿಸ್ಟರ್. ಒಂದು ಸೆಮಿಸ್ಟರಿಗೆ ಇಷ್ಟೇ ವಿಷಯ ಎಂಬ ಮಿತಿ ಹಾಕಿದರೆ ಮಾತ್ರ ಈ ಲೆಕ್ಕವನ್ನು ನೆಚ್ಚುವಂತಿಲ್ಲ.

ಇನ್ನೊಂದು ವಿಧಾನದಲ್ಲಿ ಸಾಲು ಹಿಂದಿನಿಂದ ಕಟ್ಟುತ್ತ ಬರುತ್ತದೆ. ಇದು ಡೆಪ್ತ್ ಫಸ್ಟ್ ಸರ್ಚ್. ರಾಬರ್ಟ್ ಟಾರ್ಜನ್ 1976ರ ಪ್ರಬಂಧವೊಂದರಲ್ಲಿ ಇದನ್ನು ವಿವರಿಸಿದ್ದಾರೆ. ಸಿಯಿಂದ ಹೊರಟು ಡೇಟಾ ಸ್ಟ್ರಕ್ಚರ್ಸ್, ಅಲ್ಲಿಂದ ಅಲ್ಗಾರಿದಮ್ಸ್. ಮುಂದೆ ದಾರಿಯಿಲ್ಲ, ಅಲ್ಗಾರಿದಮ್ಸ್ ಮುಗಿಯಿತು. ಹಿಂದಿರುಗಿ ಆಪರೇಟಿಂಗ್ ಸಿಸ್ಟಮ್ಸ್ ನೋಡಿದರೆ ಅದೂ ಮುಗಿಯಿತು. ಬಳಿಕ ಡೇಟಾ ಸ್ಟ್ರಕ್ಚರ್ಸ್, ಸಿ, ಕೊನೆಗೆ ಡಿಸ್ಕ್ರೀಟ್ ಗಣಿತ. ಮುಗಿದ ಈ ಕ್ರಮವನ್ನು ತಿರುವಿಹಾಕಿದರೆ ಉತ್ತರ: ಡಿಸ್ಕ್ರೀಟ್ ಗಣಿತ, ಸಿ, ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಅಲ್ಗಾರಿದಮ್ಸ್. ಕಾನ್ ವಿಧಾನದ ಸಾಲು ಬೇರೆಯಿತ್ತು. ಎರಡೂ ಸರಿಯೇ.

ಹೆಚ್ಚಿನವರು ಎಡವುವುದು ಇಲ್ಲೇ: ಮುಗಿದಾಗ ಬರೆದುಕೊಳ್ಳುವ ಬದಲು ಹೊಕ್ಕಾಗಲೇ ಬರೆದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಸಿ, ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಮ್ಸ್ ಎಂದು ಶುರುವಾಗಿ ಡಿಸ್ಕ್ರೀಟ್ ಗಣಿತ ಕೊನೆಗೆ ಬೀಳುತ್ತದೆ. ಅಂದರೆ ಅದನ್ನು ಓದುವ ಮುಂಚೆಯೇ ವಿದ್ಯಾರ್ಥಿ ಅಲ್ಗಾರಿದಮ್ಸ್ ಕ್ಲಾಸಿನಲ್ಲಿ ಕೂತಿರುತ್ತಾನೆ.

ಷರತ್ತುಗಳೇ ಸುತ್ತು ಹಾಕಿಕೊಂಡರೆ? ಡೇಟಾ ಸ್ಟ್ರಕ್ಚರ್ಸ್‌ಗೂ ಮೊದಲು ಅಲ್ಗಾರಿದಮ್ಸ್ ಓದಿರಬೇಕು ಎಂದು ಯಾರೋ ಹೊಸ ಷರತ್ತು ಸೇರಿಸಿದರು ಅಂದುಕೊಳ್ಳಿ. ಎಣಿಕೆಯ ವಿಧಾನದಲ್ಲಿ ಸಿ ಮತ್ತು ಡಿಸ್ಕ್ರೀಟ್ ಗಣಿತ ಹೊರಬಂದ ಮೇಲೆ ಕ್ಯೂ ಖಾಲಿ. ಐದರಲ್ಲಿ ಎರಡೇ ಹೊರಬಂದಿವೆ, ಹಾಗಾಗಿ ಸುತ್ತು ಇರುವುದು ಖಚಿತ. ಆದರೆ ಸಿಕ್ಕಿಬಿದ್ದ ಮೂರರಲ್ಲಿ ಆಪರೇಟಿಂಗ್ ಸಿಸ್ಟಮ್ಸ್ ಯಾವ ತಪ್ಪೂ ಮಾಡಿಲ್ಲ. ಸುತ್ತಿನ ಹಿಂದೆ ನಿಂತದ್ದಕ್ಕೆ ಅದೂ ಸಿಕ್ಕಿಕೊಂಡಿತು. ಸುತ್ತು ಎಲ್ಲಿದೆ ಎಂದು ನೇರವಾಗಿ ಬೆರಳಿಟ್ಟು ತೋರಿಸುವುದು ಡೆಪ್ತ್ ಫಸ್ಟ್ ಸರ್ಚ್. ಷರತ್ತು ಸರಿಪಡಿಸಬೇಕಾದವರಿಗೆ ನಾನು ಇದನ್ನೇ ಹೇಳುತ್ತೇನೆ.

ಅದಕ್ಕೆ ಮೂರು ಗುರುತು ಬೇಕು, ಎರಡು ಸಾಲದು. ಇನ್ನೂ ಮುಟ್ಟದ್ದು, ಈಗ ನಡೆದಿರುವ ದಾರಿಯಲ್ಲಿರುವುದು, ಪೂರ್ತಿ ಮುಗಿದದ್ದು. ನಡೆಯುತ್ತಿರುವ ದಾರಿಯಲ್ಲಿರುವುದನ್ನೇ ಮತ್ತೆ ಮುಟ್ಟಿದರೆ ಸುತ್ತು. ಬರೀ "ನೋಡಿದ್ದು, ನೋಡದ್ದು" ಎಂದು ಗುರುತಿಟ್ಟು, ನೋಡಿದ್ದು ಮತ್ತೆ ಸಿಕ್ಕಿದರೆ ಸುತ್ತು ಎಂದುಕೊಂಡಿರೋ, ಡಿಸ್ಕ್ರೀಟ್ ಗಣಿತದಿಂದ ಅಲ್ಗಾರಿದಮ್ಸ್‌ಗೆ ಹೋದಾಗ ಇಲ್ಲದ ಸುತ್ತು ಕಾಣುತ್ತದೆ. ನಮ್ಮ ಮೂಲ ಪಟ್ಟಿಯಲ್ಲೂ ಹಾಗೇ ಆಗುತ್ತದೆ.

ವಿಷಯಗಳ ಸಂಖ್ಯೆಗೆ ಬಾಣಗಳ ಸಂಖ್ಯೆ ಕೂಡಿಸಿದಷ್ಟಕ್ಕೆ ತಕ್ಕಂತೆ ಎರಡೂ ವಿಧಾನಗಳ ಕೆಲಸ ಬೆಳೆಯುತ್ತದೆ, ವೇಗದಲ್ಲಿ ಹೆಚ್ಚುಕಡಿಮೆಯಿಲ್ಲ. ಸರಪಳಿ ತೀರಾ ಉದ್ದವಾದರೆ ಮಾತ್ರ ರಿಕರ್ಷನ್‌ನಲ್ಲಿ ಬರೆದ ಡೆಪ್ತ್ ಫಸ್ಟ್ ಸರ್ಚ್ ಕೈಕೊಡಬಹುದು. ಪೈಥಾನ್‌ನಲ್ಲಿ ರಿಕರ್ಷನ್ ಮಿತಿ ಸಾಮಾನ್ಯವಾಗಿ 1000.

ಪ್ರೋಗ್ರಾಂ ಬರೆಯದೆಯೂ ಇದನ್ನು ಮಾಡಿ ನೋಡಬಹುದು. ಯುನಿಕ್ಸ್, ಲಿನಕ್ಸ್‌ಗಳಲ್ಲಿ `tsort` ಎಂಬ ಕಮಾಂಡ್ ಇದೆ. ಪ್ರತಿ ಜೋಡಿಯಲ್ಲಿ ಮೊದಲು ಓದಬೇಕಾದ್ದನ್ನು ಮೊದಲು ಬರೆಯಬೇಕು:

```
printf 'C DS\nDM ALGO\nDS ALGO\nDS OS\n' | tsort
```

ಕೊನೆಗೆ `ALGO DS` ಎಂಬ ಜೋಡಿಯನ್ನೂ ಸೇರಿಸಿ ಓಡಿಸಿದರೆ, ಪಟ್ಟಿಯಲ್ಲಿ ಸುತ್ತು ಇದೆ ಎಂದು ದೂರುತ್ತದೆ.